ವರಮಹಾಲಕ್ಷ್ಮಿ ಹಬ್ಬದ ಇಮೇಲ್: ಸಬ್ಜೆಕ್ಟ್ ಸಾಲಿನಲ್ಲಿ ಏನಿರಬೇಕು?

ಪ್ರಶ್ನೆ: ತುಮಕೂರಿನಲ್ಲಿ ನಮ್ಮದೊಂದು ಸೀರೆ ಅಂಗಡಿ. ಬಿಲ್ ಮಾಡಿಸುವಾಗ ಇಮೇಲ್ ಕೊಟ್ಟ ಹಳೇ ಗಿರಾಕಿಗಳು ಸುಮಾರು 900 ಜನ ಇದ್ದಾರೆ. ಪ್ರತಿ ವರ್ಷ ಹಬ್ಬದ ಹಿಂದಿನ ದಿನ "ನಮ್ಮ ಎಲ್ಲಾ ಆತ್ಮೀಯ ಗ್ರಾಹಕರಿಗೆ ವರಮಹಾಲಕ್ಷ್ಮಿ ಹಬ್ಬದ ಹಾರ್ದಿಕ ಶುಭಾಶಯಗಳು" ಅಂತ ಸಬ್ಜೆಕ್ಟ್ ಹಾಕಿ ಮೇಲ್ ಕಳಿಸುತ್ತೇವೆ. ಅದನ್ನು ನೋಡಿ ಬಂದೆವು ಎಂದು ಇದುವರೆಗೆ ಯಾರೂ ಹೇಳಿಲ್ಲ. ಸಬ್ಜೆಕ್ಟ್ ಮತ್ತು ಮೊದಲ ಸಾಲು ಹೇಗಿರಬೇಕು?

ಉತ್ತರ: ನೀವು ಕಳಿಸಿದ ಮೇಲ್ ಅನ್ನು ನಿಮ್ಮದೇ ಫೋನಿನಲ್ಲಿ ಒಮ್ಮೆ ನೋಡಿ. ತೆರೆಯಬೇಡಿ, ಇನ್‌ಬಾಕ್ಸ್ ಪಟ್ಟಿಯಲ್ಲಿ ಹೇಗೆ ಕಾಣುತ್ತದೆ ಎಂದಷ್ಟೇ ನೋಡಿ. "ನಮ್ಮ ಎಲ್ಲಾ ಆತ್ಮೀಯ ಗ್ರಾಹಕರಿಗೆ ವರ…" ಎನ್ನುವಷ್ಟರಲ್ಲಿ ಸಾಲು ತುಂಡಾಗಿರುತ್ತದೆ. ಕನ್ನಡದ ಅಕ್ಷರಗಳು ಅಗಲ. ಇಂಗ್ಲಿಷ್‌ನಲ್ಲಿ ಹಿಡಿಸುವಷ್ಟು ಮಾತು ಅದೇ ಜಾಗದಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಮೊದಲ ಮೂರ್ನಾಲ್ಕು ಪದಗಳಲ್ಲೇ ವಿಷಯ ಬಂದುಬಿಡಬೇಕು. ನಿಮ್ಮ ಸಾಲಿನಲ್ಲಿ ಆ ಜಾಗವನ್ನೆಲ್ಲ ಸಂಬೋಧನೆಯೇ ತಿಂದುಹಾಕಿದೆ. ಉಳಿದ ಶುಭಾಶಯ ಕಂಡರೂ ಅಷ್ಟೇ, ಅಂದು ಬ್ಯಾಂಕು, ಒಡವೆ ಅಂಗಡಿ, ಮೊಬೈಲ್ ಕಂಪನಿ ಎಲ್ಲರೂ ಅದನ್ನೇ ಕಳಿಸಿರುತ್ತಾರೆ.

ಆದರೆ ಪದ ಬದಲಾಯಿಸುವ ಮುಂಚೆ ದಿನ ಬದಲಾಯಿಸಬೇಕು. ಹಬ್ಬದ ಹಿಂದಿನ ದಿನ ಸೀರೆ ಅಂಗಡಿಯ ಮೇಲ್ ಓದಿ ಯಾರು ತಾನೇ ಏನು ಮಾಡಲು ಸಾಧ್ಯ? ಅವರು ಆಗ ಹೂವು, ಬಾಳೆಕಂದು ತರುವ ಗಡಿಬಿಡಿಯಲ್ಲಿರುತ್ತಾರೆ. ನಿಮ್ಮ ಗಿರಾಕಿಗೆ ನಿಜವಾದ ಚಿಂತೆ ಇರುವುದು ಅದಕ್ಕೆ ಮೂರು ವಾರ ಮೊದಲು. ಸೀರೆ ತೆಗೆದುಕೊಂಡರೆ ಆಯಿತೇ? ಬ್ಲೌಸ್ ಹೊಲಿಸಬೇಕು, ಫಾಲ್ಸ್ ಹಾಕಿಸಬೇಕು, ಸೆರಗಿಗೆ ಕುಚ್ಚು ಕಟ್ಟಿಸಬೇಕು. ಶ್ರಾವಣ ಹತ್ತಿರ ಬಂದ ಹಾಗೆ ಟೈಲರ್‌ಗಳು "ಹಬ್ಬ ಆದಮೇಲೆ ಕೊಡ್ತೀನಿ" ಎನ್ನಲು ಶುರು ಮಾಡುತ್ತಾರೆ. ಇದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿಮ್ಮ ಸಬ್ಜೆಕ್ಟ್ ಸಿಗುವುದು ಇಲ್ಲೇ.

ಹಬ್ಬ 22ನೇ ತಾರೀಖು ಶುಕ್ರವಾರ ಎಂದುಕೊಳ್ಳೋಣ. ಮೊದಲು ನಿಮ್ಮ ಟೈಲರ್ ಹತ್ತಿರ, ಕುಚ್ಚು ಕಟ್ಟುವವರ ಹತ್ತಿರ ಕೂತು ಮಾತಾಡಿ. ಯಾವ ದಿನದವರೆಗೆ ಕೊಟ್ಟರೆ ಬುಧವಾರಕ್ಕೆ ಖಂಡಿತ ಮುಗಿಸಿಕೊಡುತ್ತಾರೆ? 11 ಎಂದರು ಅನ್ನಿ. ಆಗ ಸಬ್ಜೆಕ್ಟ್ ಹೀಗಿರಲಿ:

ಹಬ್ಬದ ಸೀರೆಗೆ ಕುಚ್ಚು: 11ರೊಳಗೆ ಬನ್ನಿ

ಇದರಲ್ಲಿ ಅಂಗಡಿಯ ಹೆಸರಿಲ್ಲ, ಇರಬೇಕಾಗಿಯೂ ಇಲ್ಲ. ಕಳಿಸುವವರ ಹೆಸರಿನ ಜಾಗದಲ್ಲಿ ಅದು ಕಾಣುತ್ತದೆ. ಈಗ ಅಲ್ಲಿ 'info' ಅಂತ ಬರುತ್ತಿದ್ದರೆ ಮೊದಲು ಅದನ್ನು ಸರಿಮಾಡಿ, ಬೋರ್ಡಿನ ಮೇಲಿರುವ ಹೆಸರನ್ನೇ ಹಾಕಿ. ರಿಯಾಯಿತಿಯನ್ನೂ ನಾನು ಬೇಕೆಂದೇ ಬಿಟ್ಟಿದ್ದೇನೆ. ಆಷಾಢ ಪೂರ್ತಿ ಎಲ್ಲ ಅಂಗಡಿಗಳೂ ಡಿಸ್ಕೌಂಟ್ ಎಂದು ಕೂಗಿರುತ್ತವೆ. ಅದಾದ ಮೇಲೆ ಬರುವ ಇನ್ನೊಂದು 10 ಪರ್ಸೆಂಟ್ ಯಾರ ಕಣ್ಣಿಗೂ ಬೀಳುವುದಿಲ್ಲ. ರಿಯಾಯಿತಿ ಇದ್ದರೆ ಒಳಗೆ ಹೇಳಿ. ತಾರೀಖು ಮಾತ್ರ ನಿಜವಾಗಿರಲಿ. 11ರೊಳಗೆ ಎಂದು ಬರೆದು, 17ಕ್ಕೆ ಬಂದವರಿಗೂ ಕುಚ್ಚು ಹಾಕಿಸಿಕೊಟ್ಟರೆ ಮುಂದಿನ ವರ್ಷ ನಿಮ್ಮ ಗಡುವಿಗೆ ಬೆಲೆ ಇರುವುದಿಲ್ಲ.

ಇನ್ನು ಮೊದಲ ಸಾಲು. ಸಬ್ಜೆಕ್ಟ್ ಪಕ್ಕದಲ್ಲೋ ಕೆಳಗೋ ಮಸುಕಾಗಿ ಕಾಣುವ ಅಕ್ಷರಗಳು ಸಾಮಾನ್ಯವಾಗಿ ಮೇಲ್‌ನ ಮೊದಲ ಪದಗಳೇ. ತುಂಬಾ ಅಂಗಡಿಗಳ ಮೇಲ್‌ನಲ್ಲಿ ಅಲ್ಲಿ 'View this email in your browser' ಎಂದಿರುತ್ತದೆ. ಇಲ್ಲದಿದ್ದರೆ "ಆತ್ಮೀಯ ಗ್ರಾಹಕರೇ, ನಮಸ್ಕಾರ". ಒಳ್ಳೆಯ ಜಾಗ ಸುಮ್ನೆ ಹಾಳು. ನೀವು ಮೇಲ್ ಕಳಿಸುವ ಸೇವೆಯಲ್ಲಿ 'Preview text' ಎಂಬ ಬಾಕ್ಸ್ ಇದ್ದರೆ ಮೊದಲ ಸಾಲನ್ನು ಅಲ್ಲಿಯೂ ಹಾಕಿ. ಇಲ್ಲದಿದ್ದರೆ ಆ ಲಿಂಕನ್ನು ಮೇಲ್‌ನ ಕೊನೆಗೆ ಕಳಿಸಿ.

ಮೊದಲ ಸಾಲು ಸಬ್ಜೆಕ್ಟ್ ಹೇಳಿದ್ದನ್ನೇ ಮತ್ತೆ ಹೇಳಬಾರದು, ಅದನ್ನು ಮುಂದಕ್ಕೆ ಒಯ್ಯಬೇಕು. 11ರೊಳಗೆ ಬನ್ನಿ ಎಂದಿರಿ. ಓದಿದವರು "ಬಂದರೆ ಏನು ಸಿಗುತ್ತೆ?" ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಕೊಡಿ:

"ಬ್ಲೌಸ್, ಫಾಲ್ಸ್, ಕುಚ್ಚು ಮೂರೂ ಮುಗಿಸಿ 20ರ ಬುಧವಾರ ಸೀರೆ ನಿಮ್ಮ ಕೈಗೆ ಕೊಡುತ್ತೇವೆ. ಕಳೆದ ಹಬ್ಬಕ್ಕೂ ನಮ್ಮಲ್ಲೇ ಸೀರೆ ತೆಗೆದುಕೊಂಡಿದ್ದಿರಿ, ಅದಕ್ಕೇ ಅಂಗಡಿಯ ಮುಂದೆ ಬೋರ್ಡ್ ಹಾಕುವ ಮೊದಲು ನಿಮಗೆ ತಿಳಿಸುತ್ತಿದ್ದೇವೆ."

ಎರಡನೇ ವಾಕ್ಯ ಹಳೇ ಗಿರಾಕಿಗಳಿಗೆಂದೇ ಬರೆದದ್ದು. ಹಾಗಾಗಿ ಕಳೆದ ವರ್ಷ ಶ್ರಾವಣದಲ್ಲಿ ಬಿಲ್ ಮಾಡಿಸಿದವರನ್ನು ಬೇರೆ ಮಾಡಿ, ಅವರಿಗಷ್ಟೇ ಇದನ್ನು ಕಳಿಸಿ. ಎಂದೋ ಒಮ್ಮೆ ಮದುವೆ ಜವಳಿಗೆ ಬಂದವರಿಗೆ ಇದು ಹೋದರೆ ಮಾತು ಸುಳ್ಳಾಗುತ್ತದೆ. ಅವರಿಗೆ ಮೊದಲ ವಾಕ್ಯ ಸಾಕು. ಬೋರ್ಡನ್ನೂ ಮೇಲ್ ಹೋದ ಎರಡು ದಿನದ ನಂತರವೇ ಹಾಕಿ. ಇದಕ್ಕಿಂತ ಜಾಸ್ತಿ ವಿವರಕ್ಕೆ ಹೋಗಬೇಡಿ. "ನೀವು ಕೊಂಡ 14,000ದ ಸೀರೆ" ಎಂದೆಲ್ಲ ಬರೆದರೆ ತೊಂದರೆ. ಬಿಲ್ಲಿಗೆ ಕೊಟ್ಟ ಇಮೇಲ್ ಎಷ್ಟೋ ಸಲ ಗಂಡನದ್ದೋ ಮಗಳದ್ದೋ ಆಗಿರುತ್ತದೆ. ಯಾರಿಗೋ ಉಡುಗೊರೆ ಕೊಡಲು ಗುಟ್ಟಾಗಿ ತೆಗೆದುಕೊಂಡ ಸೀರೆಯೂ ಇರಬಹುದು.

ಹೆಸರು ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ನಿಮ್ಮ ಬಿಲ್ಲಿಂಗ್ ಪಟ್ಟಿಯನ್ನು ಒಮ್ಮೆ ಬಿಚ್ಚಿ ನೋಡಿ ಆಮೇಲೆ ತೀರ್ಮಾನಿಸಿ. ಅಲ್ಲಿ 'LAKSHMI H R' ಇರುತ್ತದೆ, ಬರೀ 'MADAM' ಇರುತ್ತದೆ, ಕೆಲವು ಕಡೆ ಹೆಸರೇ ಇರುವುದಿಲ್ಲ. ಮೇಲ್ ಕಳಿಸುವ ಸೇವೆ ಅದನ್ನು ಹಾಗೇ ಎತ್ತಿ ಸಾಲಿಗೆ ಸೇರಿಸಿದರೆ "MADAM ಅವರೇ" ಆಗುತ್ತದೆ, ಇಲ್ಲವೇ "ಅವರೇ" ಒಂದೇ ಉಳಿಯುತ್ತದೆ. "ಗೆ", "ನ್ನು" ಹೆಸರಿಗೆ ಅಂಟಿಸಿದರಂತೂ ಇನ್ನೂ ಕಷ್ಟ, "ಲಕ್ಷ್ಮಿಯನ್ನು" ಎನ್ನುವಾಗ ಬರುವ "ಯನ್ನು" ವಿನಯ್ ಹೆಸರಿನ ಜೊತೆ ಹಾಗೇ ಕೂರುವುದಿಲ್ಲ. 900 ಹೆಸರನ್ನೂ ಕೂತು ಕನ್ನಡದಲ್ಲಿ ತಿದ್ದುವ ಪುರುಸೊತ್ತು ಇಲ್ಲದಿದ್ದರೆ ಹೆಸರು ಬಿಟ್ಟುಬಿಡಿ.

ನುಡಿ ಅಥವಾ ಬರಹದಲ್ಲಿ ಟೈಪ್ ಮಾಡುವವರು ಇನ್ನೊಂದು ವಿಷಯ ನೋಡಿಕೊಳ್ಳಿ. ಕರಪತ್ರಕ್ಕೆಂದು ಹಳೆಯ ಫಾಂಟ್‌ನಲ್ಲಿ ಮಾಡಿಸಿದ ಬರಹವನ್ನು ಹಾಗೇ ತಂದು ಮೇಲ್‌ಗೆ ಅಂಟಿಸಿದರೆ ಆ ಕಡೆಯವರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಕಳಿಸುವ ಮೊದಲು ನಿಮಗೇ ಒಂದು ಮೇಲ್ ಹಾಕಿಕೊಂಡು, ಮನೆಯವರ ಫೋನಿನಲ್ಲೂ ತೆರೆದು ನೋಡಿ.

ಎಷ್ಟು ಜನ ತೆರೆದರು ಎಂಬ ಲೆಕ್ಕವನ್ನು ಪೂರ್ತಿ ನಂಬಬೇಡಿ. 2021ರಿಂದ ಆಪಲ್ ಮೇಲ್‌ನಲ್ಲಿ ಖಾಸಗಿತನದ ಒಂದು ಸೌಲಭ್ಯ ಬಂದಿದೆ. ಅದನ್ನು ಆನ್ ಮಾಡಿಕೊಂಡವರು ಮೇಲ್ ಓದದಿದ್ದರೂ ಓದಿದ ಹಾಗೆ ಲೆಕ್ಕಕ್ಕೆ ಬರುತ್ತದೆ. ಕೌಂಟರಿನಲ್ಲಿ ಕೇಳುವುದೇ ಒಳ್ಳೆಯದು. ಕುಚ್ಚಿಗೆ ಸೀರೆ ಕೊಟ್ಟವರು ಮೇಲ್ ನೋಡಿ ಬಂದರೇ ಎಂದು ವಿಚಾರಿಸಿ, ಬಿಲ್ಲಿನ ಮೂಲೆಯಲ್ಲಿ ಒಂದು ಗುರುತು ಹಾಕಿಕೊಳ್ಳಿ.

ಆ ಗುರುತು 12ನೇ ತಾರೀಖು ಕೆಲಸಕ್ಕೆ ಬರುತ್ತದೆ. ಕುಚ್ಚಿನ ಗಡುವು ಮುಗಿದಿರುತ್ತದೆ, ಬರದವರಿಗೆ ಬೇರೆ ಮಾತು ಬೇಕು. ಆಗ ಸಬ್ಜೆಕ್ಟ್ "ಕಳಶಕ್ಕೆ ಉಡಿಸುವ ಪುಟ್ಟ ಸೀರೆ ಬಂದಿದೆ" ಎಂದಿರಲಿ. ಮೊದಲ ಸಾಲು: "ಹೊಲಿಸುವುದೇನೂ ಇಲ್ಲ, ಒಯ್ದು ಉಡಿಸಿದರಾಯಿತು. ಅರಿಶಿನ ಕುಂಕುಮಕ್ಕೆ ಬಂದವರಿಗೆ ಕೊಡುವ ಬ್ಲೌಸ್ ಪೀಸ್ ಕೂಡ ಹತ್ತರ ಕಟ್ಟಾಗಿ ಸಿಗುತ್ತದೆ." ಈಗಾಗಲೇ ಸೀರೆ ತೆಗೆದುಕೊಂಡವರಿಗೆ ಇದನ್ನು ಕಳಿಸಬೇಡಿ. ಅವರಿಗೆ 20ರಂದು ಒಂದೇ ಸಾಲಿನ ಮೇಲ್ ಸಾಕು: "ನಿಮ್ಮ ಸೀರೆ ರೆಡಿ ಇದೆ, ರಾತ್ರಿ 9ರವರೆಗೆ ಅಂಗಡಿ ತೆರೆದಿರುತ್ತದೆ." ಹಬ್ಬದ ಶುಭಾಶಯವನ್ನು ಅದರ ಕೆಳಗೆ ಬರೆಯಿರಿ.