‘ಅಂತೆ’ ಕಂಡ ಕೂಡಲೇ ಉಪಮೆಯಲ್ಲ

ಸರ್, ‘ಅಂತೆ’ ಇದ್ದರೆ ಉಪಮಾಲಂಕಾರ, ಇಲ್ಲದಿದ್ದರೆ ರೂಪಕ ಅಂತ ನೆನಪಿಟ್ಟುಕೊಂಡಿದ್ದೇನೆ. ಹಾಗಾದರೆ ‘ಆಗುಂಬೆಯಲ್ಲಿ ಇವತ್ತೂ ಮಳೆಯಂತೆ’ ಅನ್ನೋದು ಉಪಮೆಯಾ?
— ಹತ್ತನೇ ತರಗತಿ ವಿದ್ಯಾರ್ಥಿನಿ, ತೀರ್ಥಹಳ್ಳಿ

ಅಲ್ಲಮ್ಮಾ, ಅಲ್ಲಿ ಉಪಮೆ ಇಲ್ಲ. ಯಾರೋ ಹೇಳಿದ ಸುದ್ದಿಯನ್ನು ನೀನು ದಾಟಿಸುತ್ತಿದ್ದೀಯ, ಅಷ್ಟೇ. ‘ನಾಳೆ ಶಾಲೆಗೆ ರಜೆಯಂತೆ’ ಅನ್ನುವಾಗಿನ ‘ಅಂತೆ’ಯೇ ಇದು. ಹೋಲಿಕೆಗೆ ಎರಡು ವಸ್ತು ಬೇಕು. ನಿನ್ನ ವಾಕ್ಯದಲ್ಲಿ ಮಳೆಯನ್ನು ಯಾವುದಕ್ಕೂ ಹೋಲಿಸಿಲ್ಲ. ಆದ್ದರಿಂದ ಪದ ಹುಡುಕುವ ಮೊದಲು ಆ ಎರಡು ವಸ್ತುಗಳನ್ನು ಹುಡುಕು.

ನಿಮ್ಮ ಕಡೆಯ ತೋಟಕ್ಕೇ ಹೋಗೋಣ. ‘ಅಡಿಕೆ ಮರಗಳು ಸಿಪಾಯಿಗಳಂತೆ ಸಾಲಾಗಿ ನಿಂತಿವೆ.’ ನಾವು ಹೇಳಹೊರಟಿದ್ದು ಅಡಿಕೆ ಮರದ ವಿಷಯ. ಅದು ಉಪಮೇಯ. ಹೋಲಿಕೆಗೆ ತಂದ ಸಿಪಾಯಿ ಉಪಮಾನ. ‘ಅಂತೆ’ ಉಪಮಾವಾಚಕ. ಸಾಲಾಗಿ ನಿಲ್ಲುವುದು ಎರಡಕ್ಕೂ ಸಮಾನವಾದ ಗುಣ, ಅಂದರೆ ಸಮಾನಧರ್ಮ. ನಾಲ್ಕೂ ಇರುವುದರಿಂದ ಇದು ಪೂರ್ಣೋಪಮೆ.

ಈಗ ಇದನ್ನು ಓದು: ‘ಅಡಿಕೆ ಮರಗಳೆಂಬ ಸಿಪಾಯಿಗಳು ತೋಟ ಕಾಯುತ್ತಿದ್ದಾರೆ.’ ಮರ ಸಿಪಾಯಿಯ ಹಾಗಿದೆ ಅಂತ ಇಲ್ಲಿ ಹೇಳಿಲ್ಲ, ಮರವೇ ಸಿಪಾಯಿ ಅಂದುಬಿಟ್ಟಿದ್ದೇವೆ. ಎರಡಕ್ಕೂ ಭೇದವೇ ಇಲ್ಲ ಅನ್ನುವುದು ರೂಪಕ.

ಎರಡೂ ವಾಕ್ಯದ ಕ್ರಿಯಾಪದ ನೋಡಿದೆಯಾ? ಮೊದಲನೆಯದರಲ್ಲಿ ‘ನಿಂತಿವೆ’. ಅದು ಮರಕ್ಕೆ ಹೊಂದುವ ಮಾತು. ಎರಡನೆಯದರಲ್ಲಿ ‘ಕಾಯುತ್ತಿದ್ದಾರೆ’. ಕಾಯುವುದು ಸಿಪಾಯಿಯ ಕೆಲಸ, ‘ಆರೆ’ ಅನ್ನುವುದೂ ಮನುಷ್ಯರಿಗೇ. ಉಪಮೆಯಲ್ಲಿ ಮರ ಮರವಾಗಿಯೇ ಉಳಿಯುತ್ತದೆ, ರೂಪಕದಲ್ಲಿ ಸಿಪಾಯಿಯ ಕೆಲಸವನ್ನೇ ಹೊತ್ತುಕೊಳ್ಳುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಗುರುತು ಇದೇ. ಆದರೆ ಎಲ್ಲ ರೂಪಕದಲ್ಲೂ ಇಂಥ ಕ್ರಿಯಾಪದ ಸಿಗುವುದಿಲ್ಲ. ‘ಆಗುಂಬೆ ದಕ್ಷಿಣದ ಚಿರಾಪುಂಜಿ’ ಅಂತ ನಾವು ದಿನಾ ಹೇಳ್ತೀವಲ್ವಾ, ಅಲ್ಲಿ ಕ್ರಿಯಾಪದವೇ ಇಲ್ಲ. ಒಂದು ಊರನ್ನು ಇನ್ನೊಂದು ಊರೇ ಅಂದಿದ್ದೇವೆ, ಅಷ್ಟರಿಂದಲೇ ಅದು ರೂಪಕ.

ನಿನ್ನ ಸೂತ್ರದ ಇನ್ನೊಂದು ತುದಿಯೂ ಕೈಕೊಡುತ್ತದೆ. ‘ತಾವರೆಗಣ್ಣಿನ ಹುಡುಗಿ ತಿರುಗಿ ನೋಡಿದಳು.’ ಇಲ್ಲಿ ‘ಅಂತೆ’ ಇಲ್ಲ, ಆದರೂ ಉಪಮೆ. ತಾವರೆಯಂಥ ಕಣ್ಣು ಅನ್ನುವುದು ಸಮಾಸದೊಳಗೆ ಅಡಗಿದೆ. ನೋಡುವುದೂ ಕಣ್ಣಿನದೇ ಕೆಲಸ, ತಾವರೆಯದಲ್ಲ. ‘ಅವಳ ಮುಖಕಮಲ ಅರಳಿತು’ ಅಂದಾಗ ಮಾತ್ರ ಅರಳುವ ಕೆಲಸ ಹೂವಿನದು, ಅದಕ್ಕೇ ಅದು ರೂಪಕ.

ಪರೀಕ್ಷೆಯಲ್ಲಿ ತಾವರೆಗಣ್ಣಿನಂಥದು ಬಂದರೆ ಸುಮ್ನೆ ‘ಉಪಮಾಲಂಕಾರ’ ಅಂತ ಬರೆದು ನಿಲ್ಲಿಸಬೇಡ. ಕಣ್ಣು ಉಪಮೇಯ, ತಾವರೆ ಉಪಮಾನ, ಉಪಮಾವಾಚಕವೂ ಸಮಾನಧರ್ಮವೂ ಲೋಪವಾಗಿರುವುದರಿಂದ ಇದು ಲುಪ್ತೋಪಮೆ ಅಂತ ಸಮನ್ವಯ ಮಾಡಿ ಬರೆ.

— ಸಂಪಾದಕ