ಉದ್ದನೆಯ ಪ್ಯಾಸೇಜ್‌ನಲ್ಲಿ ಉತ್ತರ ಹುಡುಕುವುದು: ನನ್ನ 5.5ರ ಕಥೆ

ಪ್ರಶ್ನೆ: ಐಇಎಲ್‌ಟಿಎಸ್ ರೀಡಿಂಗ್‌ನಲ್ಲಿ ಮೂರನೇ ಪ್ಯಾಸೇಜ್ ಪ್ರತಿಸಲವೂ ಅರ್ಧಕ್ಕೇ ಉಳಿಯುತ್ತದೆ. ಒಟ್ಟು ವಿಷಯ ತಿಳಿಯಲು ಬೇಗ ಕಣ್ಣಾಡಿಸುವ ಸ್ಕಿಮ್ಮಿಂಗ್, ಬೇಕಾದ ಪದವನ್ನಷ್ಟೇ ಹುಡುಕುವ ಸ್ಕ್ಯಾನಿಂಗ್ ಇವೆರಡರಲ್ಲಿ ಯಾವುದನ್ನು ಅಭ್ಯಾಸ ಮಾಡಿದರೆ ಓದುವ ವೇಗ ಬೇಗ ಹೆಚ್ಚುತ್ತದೆ?

ಕೊನೆಯ ಒಂಬತ್ತು ಪ್ರಶ್ನೆಗಳಿಗೆ ಒಂದೇ ನಿಮಿಷದಲ್ಲಿ ಬಾಯಿಗೆ ಬಂದ ಉತ್ತರ ತುಂಬಿ ಹೊರಗೆ ಬಂದವನು ನಾನು. ಬೇಕಾಗಿದ್ದದ್ದು 6.5, ಬಂದದ್ದು 5.5. ನಿಮ್ಮಂತೆಯೇ ನಾನೂ ನನ್ನ ವೇಗವನ್ನೇ ದೂರಿದೆ. ಎರಡು ತಿಂಗಳು ಗಡಿಯಾರ ಎದುರಿಗಿಟ್ಟುಕೊಂಡು ಬೇಗ ಓದುವುದನ್ನು ಅಭ್ಯಾಸ ಮಾಡಿದೆ. ಮಾದರಿ ಪರೀಕ್ಷೆಯ ಅಂಕ ಒಂದಿಷ್ಟೂ ಕದಲಲಿಲ್ಲ.

ಆಮೇಲೆ ಒಂದು ಸಣ್ಣ ಲೆಕ್ಕ ಹಾಕಿದೆ. ಅಕಾಡೆಮಿಕ್ ರೀಡಿಂಗ್‌ನ ಮೂರೂ ಪ್ಯಾಸೇಜ್‌ಗಳು ಸೇರಿ 2150ರಿಂದ 2750 ಪದಗಳು, ಸಮಯ 60 ನಿಮಿಷ, ಪ್ರಶ್ನೆಗಳು 40. ನಿಮಿಷಕ್ಕೆ 150 ಪದಗಳಂತೆ ಆರಾಮವಾಗಿ ಓದಿದರೂ ಎಲ್ಲವನ್ನೂ ಒಮ್ಮೆ ಓದಿ ಮುಗಿಸಲು ಹತ್ತೊಂಬತ್ತು ನಿಮಿಷ ಸಾಕು. ಹಾಗಿದ್ದರೆ ಮಿಕ್ಕ ನಲವತ್ತು ನಿಮಿಷ ಎಲ್ಲಿ ಹೋಗುತ್ತಿತ್ತು? ಓದುವುದರಲ್ಲಂತೂ ಅಲ್ಲ. ಆದ್ದರಿಂದ ವೇಗ ಹೆಚ್ಚಿಸುವುದು ಹೇಗೆ ಎನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ.

ನನ್ನ ಸಮಯವನ್ನು ತಿಂದದ್ದು ಒಂದೇ ಒಂದು ತಪ್ಪು. ಪ್ರಶ್ನೆಯಲ್ಲಿ ಇರುವ ಪದವನ್ನೇ ನಾನು ಪ್ಯಾಸೇಜ್‌ನಲ್ಲಿ ಹುಡುಕುತ್ತಿದ್ದೆ. ಕೇಳಲು ಇದು ತಪ್ಪೆಂದೇ ತೋರುವುದಿಲ್ಲ, ಏಕೆಂದರೆ ಪ್ರಶ್ನೆಯ ಮುಖ್ಯಪದಕ್ಕೆ ಅಡಿಗೆರೆ ಎಳೆದುಕೊಂಡು ಅದನ್ನು ಹುಡುಕಿ ಎಂದೇ ಎಲ್ಲರೂ ಹೇಳಿಕೊಡುತ್ತಾರೆ. ಆದರೆ ಪ್ರಶ್ನೆ ಬರೆಯುವವರು ಪ್ಯಾಸೇಜ್‌ನ ಮಾತನ್ನು ಬೇಕೆಂದೇ ಬೇರೆ ಪದಗಳಲ್ಲಿ ಹೇಳಿರುತ್ತಾರೆ. ಹೀಗಾಗಿ ನಾನು ಹುಡುಕುವ ಪದ ಸಿಕ್ಕರೆ ಅದು ಬಹಳ ಸಲ ಬೇರೆ ಯಾವುದೋ ವಿಷಯದ ಜೊತೆಗಿರುತ್ತಿತ್ತು, ಪದ ಸಿಕ್ಕ ಸಂತೋಷದಲ್ಲಿ ನಾನು ವಾಕ್ಯವನ್ನು ಪೂರ್ತಿ ಓದದೆ ಉತ್ತರ ಬರೆದುಬಿಡುತ್ತಿದ್ದೆ. ಸಿಗದಿದ್ದರೆ, ಇರಲೇಬೇಕು ಎಂಬ ಹಟದಲ್ಲಿ ಇಡೀ ಪ್ಯಾಸೇಜ್ ಅನ್ನು ಮೊದಲಿನಿಂದ ಮತ್ತೆ ಜಾಲಾಡುತ್ತಿದ್ದೆ. ಸಿಕ್ಕರೆ ಅಂಕ ಹೋಗುತ್ತಿತ್ತು, ಸಿಗದಿದ್ದರೆ ಸಮಯ ಹೋಗುತ್ತಿತ್ತು. ಆ ಪರೀಕ್ಷೆಯ ಎರಡನೆಯ ಪ್ಯಾಸೇಜ್‌ನಲ್ಲಿ ಒಂದೇ ಪ್ರಶ್ನೆಗೆ ಆರೇಳು ನಿಮಿಷ ಸುರಿದದ್ದು ನನಗೆ ಇಂದಿಗೂ ನೆನಪಿದೆ. ಅದರ ಉತ್ತರ ‘ನಾಟ್ ಗಿವನ್’ ಆಗಿತ್ತೆಂದು ಈಗ ಅನಿಸುತ್ತದೆ, ಅಂದರೆ ಇಲ್ಲದ್ದನ್ನು ನಾನು ಅಷ್ಟು ಹೊತ್ತು ಹುಡುಕಿದ್ದೆ.

ಎಡಿಸ್ಟೋನ್ ದೀಪಸ್ತಂಭದ ಚರಿತ್ರೆಯಿಂದ ಅಂಥದೇ ಒಂದು ಪ್ಯಾಸೇಜ್ ಕಲ್ಪಿಸಿಕೊಳ್ಳೋಣ. ಇಂಗ್ಲೆಂಡಿನ ತೆಂಕಣ ಕಡಲಿನ ಒಂದು ಬಂಡೆಯ ಮೇಲೆ ವಿನ್‌ಸ್ಟ್ಯಾನ್ಲಿ ಕಟ್ಟಿದ ಮೊದಲ ಗೋಪುರದಲ್ಲಿ 1698ರಲ್ಲಿ ದೀಪ ಹಚ್ಚಲಾಯಿತು. 1703ರ ಮಹಾ ಬಿರುಗಾಳಿ ಅದನ್ನೂ ಆಗ ಅದರೊಳಗಿದ್ದ ವಿನ್‌ಸ್ಟ್ಯಾನ್ಲಿಯನ್ನೂ ಕೊಚ್ಚಿಕೊಂಡು ಹೋಯಿತು. ರಡ್ಯರ್ಡ್ ಕಟ್ಟಿದ ಎರಡನೆಯದು ಸುಮಾರು ಅರ್ಧ ಶತಮಾನ ನಿಂತು 1755ರಲ್ಲಿ ಸುಟ್ಟುಹೋಯಿತು. ಸ್ಮೀಟನ್‌ನ ಕಲ್ಲಿನ ಗೋಪುರ 1759ರಲ್ಲಿ ಮುಗಿಯಿತು. ಅದು ಗಟ್ಟಿಯಾಗಿಯೇ ಇತ್ತು, ಆದರೆ ಅಡಿಯ ಬಂಡೆಯನ್ನು ಅಲೆಗಳು ಕೊರೆದದ್ದರಿಂದ ಪಕ್ಕದಲ್ಲಿ ಇನ್ನೊಂದನ್ನು ಕಟ್ಟಬೇಕಾಯಿತು. ಪರೀಕ್ಷೆಯಲ್ಲಿ ಇಷ್ಟು ಸಂಗತಿ ಆರೇಳು ಪ್ಯಾರಾಗಳಲ್ಲಿ ಹರಡಿಕೊಂಡಿರುತ್ತದೆ. ಇನ್ನು ‘ಟ್ರೂ, ಫಾಲ್ಸ್, ನಾಟ್ ಗಿವನ್’ ಬಗೆಯ ಮೂರು ಹೇಳಿಕೆಗಳು: ಒಂದು, ಮೊದಲ ಗೋಪುರದೊಡನೆ ಅದನ್ನು ಕಟ್ಟಿದವನೂ ಸತ್ತ. ಎರಡು, ಎರಡನೆಯ ಗೋಪುರಕ್ಕೆ ಮೊದಲನೆಯದಕ್ಕಿಂತ ಕಡಿಮೆ ಖರ್ಚಾಯಿತು. ಮೂರು, ಸ್ಮೀಟನ್‌ನ ಗೋಪುರ ಶಿಥಿಲವಾಗಿದ್ದರಿಂದ ಹೊಸದನ್ನು ಕಟ್ಟಲಾಯಿತು.

ಹಳೆಯ ನಾನಾಗಿದ್ದರೆ ಮೊದಲ ಹೇಳಿಕೆಗೆ ‘ಸತ್ತ’ ಎಂಬ ಪದವನ್ನು ಹುಡುಕುತ್ತಿದ್ದೆ, ಅದು ಅಲ್ಲಿಲ್ಲ. ಎರಡನೆಯದಕ್ಕೆ ‘ಖರ್ಚು’ ಹುಡುಕುತ್ತ ಕೊನೆಯ ಪ್ಯಾರಾದವರೆಗೆ ಹೋಗಿ ತಿರುಗಿ ಬರುತ್ತಿದ್ದೆ. ಮೂರನೆಯದಕ್ಕೆ ಸ್ಮೀಟನ್, ಸವೆತ, ಹೊಸ ಗೋಪುರ ಎಲ್ಲವೂ ಒಂದೇ ಕಡೆ ಕಂಡದ್ದರಿಂದ ‘ಟ್ರೂ’ ಎಂದು ಬರೆದು ಮುಂದೆ ಹೋಗುತ್ತಿದ್ದೆ. ಸವೆದದ್ದು ಬಂಡೆ, ಗೋಪುರವಲ್ಲ ಎಂಬುದು ಒಂದು ಅರ್ಧವಾಕ್ಯದಲ್ಲಿ ಅಡಗಿರುತ್ತದೆ, ಮತ್ತು ಓಡುವ ಕಣ್ಣಿಗೆ ಅದು ಕಾಣುವುದಿಲ್ಲ.

ಈಗ ನಾನು ಹುಡುಕುವುದು ಬೇರೆ ಪದಗಳಲ್ಲಿ ಹೇಳಲು ಬಾರದ ಗುರುತುಗಳನ್ನು ಮಾತ್ರ: ಹೆಸರು, ಇಸವಿ, ಅಂಕಿ, ದೊಡ್ಡಕ್ಷರದಿಂದ ಆರಂಭವಾಗುವ ಊರು ಮತ್ತು ಸಂಸ್ಥೆ. ಮೂರನೆಯ ಹೇಳಿಕೆಯಲ್ಲಿ ಸ್ಮೀಟನ್ ಇದ್ದಾನೆ, ಆದ್ದರಿಂದ ಅದನ್ನೇ ಮೊದಲು ಹಿಡಿಯುತ್ತೇನೆ. ಗುರುತು ಸಿಕ್ಕ ಕೂಡಲೇ ಸ್ಕ್ಯಾನಿಂಗ್ ಮುಗಿಯಿತು. ಅದರ ಹಿಂದಿನ ಒಂದು ವಾಕ್ಯ ಮತ್ತು ಮುಂದಿನ ಎರಡು ವಾಕ್ಯಗಳನ್ನು ಪಾಠ ಒಪ್ಪಿಸುವಷ್ಟು ನಿಧಾನವಾಗಿ ಓದುತ್ತೇನೆ, ಯಾವುದು ಏನಾಯಿತು, ಯಾರಿಂದ ಆಯಿತು ಎಂದು ಕೇಳಿಕೊಳ್ಳುತ್ತೇನೆ. ಹೆಸರು, ಇಸವಿ ಯಾವುದೂ ಇಲ್ಲದ ಪ್ರಶ್ನೆಗೆ ನೆರವಾಗುವುದು ಕ್ರಮ. ಈ ಬಗೆಯ ಹೇಳಿಕೆಗಳು ಪ್ಯಾಸೇಜ್‌ನಲ್ಲಿ ವಿಷಯ ಬರುವ ಸರದಿಯಲ್ಲೇ ಇರುತ್ತವೆ. ಒಂದನೆಯದರ ಉತ್ತರ 1703ರ ಬಳಿ, ಮೂರನೆಯದರದು ಸ್ಮೀಟನ್ ಇರುವ ಪ್ಯಾರಾದಲ್ಲಿ ಎಂದು ಗೊತ್ತಾದ ಮೇಲೆ, ಎರಡನೆಯದು ಆ ಎರಡರ ನಡುವೆಯೇ ಇರಬೇಕು. ಅಲ್ಲಿರುವ ಏಳೆಂಟು ವಾಕ್ಯಗಳನ್ನು ಓದಿ, ಖರ್ಚು, ಹಣ, ಬೆಲೆ, ಅಗ್ಗ ಎಂಬ ಅರ್ಥದ ಯಾವ ಮಾತೂ ಇಲ್ಲವಾದರೆ ‘ನಾಟ್ ಗಿವನ್’ ಎಂದು ಬರೆದು ಧೈರ್ಯವಾಗಿ ಬಿಟ್ಟುಬಿಡಬಹುದು. ನನ್ನ ಏಳು ನಿಮಿಷದ ಹುಡುಕಾಟ ಹೀಗೆ ಮುಕ್ಕಾಲು ನಿಮಿಷಕ್ಕೆ ಇಳಿಯಿತು.

ಸ್ಕಿಮ್ಮಿಂಗ್ ಬಗ್ಗೆಯೂ ಕೇಳಿದ್ದೀರಿ. ಅದೂ ಬೇಕು, ಆದರೆ ಉತ್ತರಕ್ಕಾಗಿ ಅಲ್ಲ, ಯಾವುದು ಎಲ್ಲಿದೆ ಎಂದು ತಿಳಿಯಲು ಮಾತ್ರ. ಪ್ಯಾಸೇಜ್‌ಗೆ ಎರಡೂವರೆ ನಿಮಿಷ ಕೊಟ್ಟು, ಮೊದಲ ಪ್ಯಾರಾವನ್ನು ಪೂರ್ತಿ ಓದಿ, ಉಳಿದವುಗಳ ಮೊದಲ ವಾಕ್ಯವನ್ನು ಓದಿ, ಪಕ್ಕದಲ್ಲಿ ‘ಬೆಂಕಿ’, ‘ಬಂಡೆ’ ಎಂದು ಒಂದೊಂದು ಪದ ಗೀಚಿಕೊಳ್ಳುತ್ತೇನೆ. ಎರಡನೆಯ ವಾಕ್ಯ ‘ಆದರೆ’ ಎಂಬ ಅರ್ಥದ ಪದದಿಂದ ಆರಂಭವಾದರೆ ಅದನ್ನೂ ಓದಬೇಕು. ಪ್ಯಾರಾದ ನಿಜವಾದ ಮಾತು ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುತ್ತದೆ.

ಈ ಸರದಿಯ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ಪ್ಯಾರಾಗಳಿಗೆ ಶೀರ್ಷಿಕೆ ಹೊಂದಿಸುವ ಪ್ರಶ್ನೆಗಳಲ್ಲಿಯೂ, ಯಾವ ವಿಷಯ ಯಾವ ಪ್ಯಾರಾದಲ್ಲಿದೆ ಎಂದು ಕೇಳುವ ಪ್ರಶ್ನೆಗಳಲ್ಲಿಯೂ ಕ್ರಮ ಇರುವುದಿಲ್ಲ. ಎರಡನೆಯ ಬಗೆಯವನ್ನು ನಾನು ಆ ಪ್ಯಾಸೇಜ್‌ನ ಕೊನೆಗೆ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಉಳಿದ ಪ್ರಶ್ನೆಗಳಿಗಾಗಿ ಓಡಾಡುವಾಗಲೇ ಅರ್ಧದಷ್ಟು ಪ್ಯಾರಾಗಳು ಪರಿಚಯವಾಗಿರುತ್ತವೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡಬೇಡಿ, ಮತ್ತು ರೀಡಿಂಗ್‌ನಲ್ಲಿ ಉತ್ತರ ನಕಲು ಮಾಡಲು ಪ್ರತ್ಯೇಕ ಸಮಯ ಸಿಗುವುದಿಲ್ಲವಾದ್ದರಿಂದ ಆಗಿಂದಾಗಲೇ ಉತ್ತರಪತ್ರಿಕೆಯಲ್ಲಿ ಬರೆಯಿರಿ.

ಮುಂದಿನ ಮಾದರಿ ಪರೀಕ್ಷೆ ಮುಗಿದ ಮೇಲೆ, ತಪ್ಪಾದ ಪ್ರತಿ ಉತ್ತರದ ಪಕ್ಕದಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸಿದ ಪದ ಯಾವುದು ಎಂದು ಬರೆದು ನೋಡಿ. ನನ್ನ ಮೊದಲ ಪಟ್ಟಿಯಲ್ಲಿ ಹದಿನಾಲ್ಕು ಪದಗಳಿದ್ದವು; ಹನ್ನೊಂದು ಪ್ರಶ್ನೆಯಿಂದಲೇ ಹಾಗೆಯೇ ಎತ್ತಿಕೊಂಡಂಥವು.