ಕೊನೆಯ ತಿರುವಿನ ಸುಳಿವನ್ನು ಎಲ್ಲಿ ಬಚ್ಚಿಡುವುದು?

ಪ್ರಶ್ನೆ: ನನ್ನ ಸಣ್ಣಕಥೆಯ ಕೊನೆಯ ತಿರುವು ಓದಿದವರಿಗೆ ಮೋಸ ಅನ್ನಿಸುತ್ತಿದೆ. ಸುಳಿವು ಬಿಡುವುದು ಹೇಗೆ?

ಸುಳಿವಿಗೆ ಅದು ಬರುವ ಜಾಗದಲ್ಲೇ ಬೇರೊಂದು ಕೆಲಸ ಕೊಡಿ. ಫ್ರೆಂಚ್ ಕಥೆಗಾರ ಮೊಪಾಸಾ 1884ರಲ್ಲಿ ಬರೆದ ‘ನೆಕ್ಲೆಸ್’ ಕಥೆ ನೋಡಿ. ನಾಯಕಿ ಮಟಿಲ್ಡ್ ಗೆಳತಿಯಿಂದ ಎರವಲು ತಂದ ವಜ್ರದ ಸರ ಕಳೆದುಹೋಗುತ್ತದೆ. ಗಂಡ ಹೆಂಡತಿ 36,000 ಫ್ರಾಂಕಿಗೆ ಅಂಥದ್ದೇ ಸರ ಕೊಂಡು ಕೊಟ್ಟು, ಹತ್ತು ವರ್ಷ ಸಾಲ ತೀರಿಸುತ್ತಾರೆ. ಕಳೆದದ್ದು ನಕಲಿ, ಹೆಚ್ಚೆಂದರೆ 500 ಫ್ರಾಂಕಿನದು ಅಂತ ಕೊನೆಗೆ ತಿಳಿಯುತ್ತದೆ.

ಆದರೆ ಸುಳಿವು ನಡುವೆಯೇ ಇತ್ತು. ಸರದ ಪೆಟ್ಟಿಗೆಯಲ್ಲಿದ್ದ ಹೆಸರು ಹಿಡಿದು ಅಂಗಡಿಗೆ ಹೋದರೆ, ವ್ಯಾಪಾರಿ ‘ಸರ ನಾನು ಮಾರಿದ್ದಲ್ಲ, ಪೆಟ್ಟಿಗೆ ಮಾತ್ರ ಕೊಟ್ಟಿರಬೇಕು’ ಅನ್ನುತ್ತಾನೆ. ಹುಡುಕಾಟದ ಗಾಬರಿಯಲ್ಲಿರುವ ನಮಗೆ ಅದು ಬರೀ ಅಡ್ಡಿಯಾಗಿ ಕಾಣುತ್ತದೆ. ಕೇಳಿದ ಕೂಡಲೇ ಗೆಳತಿ ಸರ ಕೊಟ್ಟದ್ದೂ ಸುಳಿವೇ, ಆದರೆ ಆಗ ಅದು ಅವಳ ಒಳ್ಳೆಯತನ ಅನ್ನಿಸಿತ್ತು, ಅಲ್ವಾ? ಎಷ್ಟು ಚೆಂದದ ಕೆಲಸ ಇದು!

ಇನ್ನೊಂದು ವಿಷಯ. ಮಟಿಲ್ಡ್‌ಗೂ ಸತ್ಯ ಗೊತ್ತಿರಲಿಲ್ಲ. ಅವಳ ಜೊತೆಗೇ ನಾವೂ ಮೋಸಹೋಗುತ್ತೇವೆ. ಅವಳಿಗೆ ಗೊತ್ತಿದ್ದು, ಕಥೆಗಾರ ನಮ್ಮಿಂದ ಮುಚ್ಚಿಟ್ಟಿದ್ದರೆ ಅದು ಮೋಸವೇ.

ನಿಮ್ಮ ಕಥೆಯ ಕೊನೆಯ ಪ್ಯಾರಾ ತೆಗೆದು ಓದಿ. ಸುಳಿವಿನ ಸಾಲು ಆಗ ಅನಗತ್ಯ ಅನ್ನಿಸಿದರೆ, ಜಾಣ ಓದುಗ ಅದನ್ನು ಮೊದಲೇ ಹಿಡಿದುಬಿಡುತ್ತಾನೆ.